ಚಾರ್ಜ್ ಏರದ ಫೋನು: ದೋಷ ವಯರಿನದೋ, ಬ್ಯಾಟರಿಯದೋ?

ರಾತ್ರಿ ಹತ್ತಕ್ಕೆ ಚಾರ್ಜಿಗೆ ಹಾಕಿದ ಫೋನನ್ನು ಬೆಳಗ್ಗೆ ಆರಕ್ಕೆ ಎದ್ದು ನೋಡಿದರೆ ಇನ್ನೂ ನೂರು ಮುಟ್ಟಿಲ್ಲ. ಹೊಸದರಲ್ಲಿ ಎರಡು ಗಂಟೆಯೊಳಗೆ ತುಂಬುತ್ತಿದ್ದದ್ದು ಇದೇ ಫೋನು, ಇದೇ ಚಾರ್ಜರ್. ಇನ್ನು ಕೆಲವರ ಪಾಡು ಬೇರೆ. ವಯರನ್ನು ಒಂದು ಕೋನದಲ್ಲಿ ಬಗ್ಗಿಸಿ ಹಿಡಿದರೆ ಚಾರ್ಜ್ ಆಗುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಅಂಗಡಿಗೆ ಒಯ್ದರೆ ಉತ್ತರವೇನೋ ಬೇಗ ಸಿಗುತ್ತದೆ: ‘ಬ್ಯಾಟರಿ ವೀಕ್ ಆಗಿದೆ’ ಅಥವಾ ‘ಚಾರ್ಜಿಂಗ್ ಪಿನ್ ಹೋಗಿದೆ’. ಎರಡೂ ನಿಜವಿರಬಹುದು. ಆದರೆ ಹಾಗಾಗದೆ, ಪೋರ್ಟಿನ ತಳದಲ್ಲಿ ಜೇಬಿನ ನೂಲಿನ ಧೂಳು ಕೂತಿರುವುದೋ ಅಗ್ಗದ ವಯರು ಒಳಗೊಳಗೇ ತುಂಡಾಗಿರುವುದೋ ಕಾರಣವಾಗಿರುವುದು ಬಹಳ ಸಲ. ಫೋನು ಬಿಚ್ಚುವ ಮೊದಲೇ ಮನೆಯಲ್ಲಿ ಅದನ್ನು ಗುರುತಿಸಬಹುದು.

ಗೋಡೆಯಿಂದ ಹೊರಟ ಕರೆಂಟು ಬ್ಯಾಟರಿ ಸೇರುವಷ್ಟರಲ್ಲಿ ಸಾಕೆಟ್, ಅಡಾಪ್ಟರ್, ವಯರ್, ಫೋನಿನ ಪೋರ್ಟ್ ಇವಿಷ್ಟನ್ನೂ ದಾಟಬೇಕು. ಕೊನೆಗೆ ಬ್ಯಾಟರಿ. ಇವುಗಳಲ್ಲಿ ಯಾವುದು ಕೆಟ್ಟರೂ ನಮಗೆ ಕಾಣುವುದು ಒಂದೇ, ಚಾರ್ಜ್ ಏರುತ್ತಿಲ್ಲ ಎನ್ನುವುದು. ಆದರೆ ಹತ್ತಿರದಿಂದ ನೋಡಿದರೆ ಒಂದೊಂದರ ಲಕ್ಷಣವೂ ಬೇರೆ ಬೇರೆ. ಮುಖ್ಯವಾದ ನಿಯಮ ಒಂದೇ: ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಪ್ರತಿ ಬಾರಿಯೂ ಒಂದೇ ರೀತಿಯಲ್ಲಿ ಅಳೆಯಬೇಕು. ಹೊಸ ವಯರು, ಹೊಸ ಅಡಾಪ್ಟರ್ ಎರಡನ್ನೂ ಒಟ್ಟಿಗೆ ತಂದು ಹಾಕಿದರೆ ಸಮಸ್ಯೆ ಹೋಗಬಹುದು, ಕೆಟ್ಟಿದ್ದು ಯಾವುದೆಂದು ಗೊತ್ತಾಗುವುದಿಲ್ಲ.

ನಿಧಾನ ಎಂದರೆ ಎಷ್ಟು ನಿಧಾನ?

ಈಗಿನ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ 5000 ಎಂಎಎಚ್ ಆಸುಪಾಸಿನ ಬ್ಯಾಟರಿ ಇರುತ್ತದೆ. ಅದರಲ್ಲಿ ಹಿಡಿಯುವ ಒಟ್ಟು ಶಕ್ತಿ ಸುಮಾರು 19 ವ್ಯಾಟ್-ಗಂಟೆ. 15 ವ್ಯಾಟ್ ಕೊಡುವ ಚಾರ್ಜರ್ ಇದನ್ನು ತುಂಬಿಸಲು, ಬಿಸಿಯಾಗಿ ಹೋಗುವ ನಷ್ಟವನ್ನೂ ಕೊನೆಯಲ್ಲಿ ನಿಧಾನವಾಗುವುದನ್ನೂ ಸೇರಿಸಿದರೆ, ಎರಡು ಗಂಟೆಯ ಹತ್ತಿರ ಬೇಕು.

ಅಡಾಪ್ಟರ್ ತನ್ನಲ್ಲಿರುವ ಶಕ್ತಿಯನ್ನೆಲ್ಲ ಕೂಡಲೇ ಫೋನಿಗೆ ತಳ್ಳುವುದಿಲ್ಲ. ಮೊದಲು 5 ವೋಲ್ಟ್ ಮಾತ್ರ ಬರುತ್ತದೆ. ಆಮೇಲೆ ಫೋನು ಮತ್ತು ಅಡಾಪ್ಟರ್ ನಡುವೆ ಸಂಕೇತಗಳ ವಿನಿಮಯ ನಡೆಯುತ್ತದೆ. ಎಷ್ಟು ಕೊಡಬಲ್ಲೆ ಎಂದು ಅಡಾಪ್ಟರ್ ತಿಳಿಸುತ್ತದೆ, ಎಷ್ಟು ಬೇಕು ಎಂದು ಫೋನು ಕೇಳುತ್ತದೆ. ಈ ಸಂಕೇತಗಳು ಓಡಾಡುವುದು ಕರೆಂಟು ಹರಿಯುವ ತಂತಿಗಳಲ್ಲಲ್ಲ, ಅವುಗಳ ಪಕ್ಕದ ಬೇರೆ ತಂತಿಗಳಲ್ಲಿ, ಪೋರ್ಟಿನ ಬೇರೆ ಪಿನ್ನುಗಳಲ್ಲಿ. ಆ ಪಿನ್ನುಗಳು ಸರಿಯಾಗಿ ತಾಗದಿದ್ದರೆ ಫೋನಿಗೆ ಎದುರಿಗಿರುವುದು ಯಾವ ಚಾರ್ಜರ್ ಎಂದೇ ತಿಳಿಯುವುದಿಲ್ಲ. ಆಗ ಅದು ಅಪಾಯವಿಲ್ಲದ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ: 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಹಳೆಯ ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯಿಂದ ಬರುವುದೂ ಇಷ್ಟೇ. ಈ ವೇಗದಲ್ಲಿ 19 ವ್ಯಾಟ್-ಗಂಟೆ ತುಂಬಲು ಎಂಟು ಗಂಟೆಗೂ ಹೆಚ್ಚು ಬೇಕು. ರಾತ್ರಿಯಿಡೀ ಹಾಕಿಟ್ಟರೂ ಫೋನು ತುಂಬಿಲ್ಲವೆಂದರೆ ಮೊದಲ ಗುಮಾನಿ ಬ್ಯಾಟರಿಯ ಮೇಲೆ ಹೋಗಬೇಕಿಲ್ಲ. ಸಂಕೇತದ ದಾರಿ ಎಲ್ಲೋ ಕಡಿದಿದೆ ಎಂದು ತಿಳಿಯಬಹುದು.

ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ಫೋನು 20 ರಿಂದ 40 ಪರ್ಸೆಂಟ್ ನಡುವೆ ಇರುವಾಗ ಏರೋಪ್ಲೇನ್ ಮೋಡಿಗೆ ಹಾಕಿ, ಪರದೆ ಆರಿಸಿ, ಹದಿನೈದು ನಿಮಿಷ ಚಾರ್ಜ್ ಮಾಡಿ. ಎಷ್ಟು ಪರ್ಸೆಂಟ್ ಏರಿತು ಎಂದು ಬರೆದುಕೊಳ್ಳಿ. 5000 ಎಂಎಎಚ್ ಫೋನಿನಲ್ಲಿ ಮೂರರ ಆಸುಪಾಸು ಏರಿದರೆ ಅದು ಮೇಲೆ ಹೇಳಿದ ಕನಿಷ್ಠ ಮಟ್ಟ. ಎಂಟರಿಂದ ಹನ್ನೊಂದು ಏರಿದರೆ ಸಾಮಾನ್ಯ ಚಾರ್ಜಿಂಗ್. ಹದಿನೈದು ದಾಟಿದರೆ ವೇಗದ ಚಾರ್ಜಿಂಗ್ ನಡೆಯುತ್ತಿದೆ. ಬ್ಯಾಟರಿ ಚಿಕ್ಕದಿದ್ದರೆ ಈ ಅಂಕಿಗಳು ಸ್ವಲ್ಪ ಹೆಚ್ಚಿರುತ್ತವೆ. ಮುಂದಿನ ಪ್ರತಿ ಪರೀಕ್ಷೆಯಲ್ಲೂ ಇದೇ ಹದಿನೈದು ನಿಮಿಷದ ಅಳತೆಯೇ ಆಧಾರ.

ದೋಷವಲ್ಲದ ನಿಧಾನ

ಅಳತೆಯನ್ನು ಅರ್ಧಕ್ಕಿಂತ ಕೆಳಗೆ ತೆಗೆದುಕೊಳ್ಳಲು ಕಾರಣವಿದೆ. ಲಿಥಿಯಂ ಬ್ಯಾಟರಿಯ ವೋಲ್ಟೇಜು ತನ್ನ ಗರಿಷ್ಠ ಮಿತಿಯನ್ನು ಮುಟ್ಟಿದ ಮೇಲೆ ಫೋನೇ ಕರೆಂಟನ್ನು ಕ್ರಮೇಣ ತಗ್ಗಿಸುತ್ತದೆ. ಹಾಗಾಗಿ 80 ದಾಟಿದ ಮೇಲೆ ನಿಧಾನವಾಗುವುದು ಎಲ್ಲ ಫೋನುಗಳಲ್ಲೂ ಸಹಜ. ಬ್ಯಾಟರಿಯ ಆಯುಷ್ಯ ಉಳಿಸಲು 80ಕ್ಕೇ ನಿಲ್ಲಿಸುವ ಅಥವಾ ನಸುಕಿನವರೆಗೆ ತಡೆದು ಆಮೇಲೆ ತುಂಬಿಸುವ ಆಯ್ಕೆಯೂ ಅನೇಕ ಫೋನುಗಳ ಬ್ಯಾಟರಿ ಸೆಟ್ಟಿಂಗಿನಲ್ಲಿದೆ. ಫೋನು ದಿನವೂ ಸರಿಯಾಗಿ 80ಕ್ಕೇ ನಿಲ್ಲುತ್ತಿದ್ದರೆ ಮೊದಲು ಅಲ್ಲಿ ನೋಡಿ.

ಬಿಸಿ ಇನ್ನೊಂದು ಕಾರಣ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ ಸೊನ್ನೆಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಚಾರ್ಜ್ ಮಾಡಬೇಕು. ಅದರ ಹತ್ತಿರ ಹೋದಂತೆ ಫೋನು ತಾನಾಗಿ ವೇಗ ಇಳಿಸುತ್ತದೆ, ದಾಟಿದರೆ ನಿಲ್ಲಿಸುತ್ತದೆ. ಹೊರಗೇ 40 ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹಾಟ್‌ಸ್ಪಾಟ್ ಹಾಕಿಕೊಂಡು, ದಪ್ಪ ಕವರಿನೊಳಗೆ, ಹಾಸಿಗೆಯ ಮೇಲೆ ಚಾರ್ಜ್ ಮಾಡಿದರೆ ಅದು ಏರದಿರುವುದು ರಕ್ಷಣೆಯೇ ಹೊರತು ದೋಷವಲ್ಲ. ಕವರು ತೆಗೆದು, ಕಲ್ಲಿನ ನೆಲದ ಮೇಲೆ, ನೆರಳಿನಲ್ಲಿಟ್ಟು ಮತ್ತೆ ಅಳೆದರೆ ವ್ಯತ್ಯಾಸ ತಿಳಿಯುತ್ತದೆ.

‘ನಮ್ಮೂರಲ್ಲಿ ವೋಲ್ಟೇಜ್ ಕಡಿಮೆ, ಅದಕ್ಕೇ ನಿಧಾನ’ ಎನ್ನುವ ಮಾತು ಮಾತ್ರ ನಿಲ್ಲುವುದಿಲ್ಲ. ಅಡಾಪ್ಟರಿನ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿದರೆ 100ರಿಂದ 240 ವೋಲ್ಟ್ ಎಂದಿರುತ್ತದೆ. ಬಲ್ಬು ಮಂಕಾಗಿ ಉರಿಯುವ 170 ವೋಲ್ಟಿನಲ್ಲೂ ಅದು ತನ್ನ ಪೂರ್ಣ ಕೆಲಸ ಮಾಡಬಲ್ಲದು.

ಮೊದಲು ಇನ್ನೊಂದು ಫೋನು

ಇಷ್ಟಾದ ಮೇಲೂ ನಿಧಾನವಿದ್ದರೆ ಹುಡುಕಾಟವನ್ನು ಎರಡು ಭಾಗ ಮಾಡಬೇಕು. ಅದೇ ಸಾಕೆಟ್, ಅದೇ ಅಡಾಪ್ಟರ್, ಅದೇ ವಯರಿಗೆ ಮನೆಯ ಇನ್ನೊಂದು ಫೋನು ಚುಚ್ಚಿ ಹದಿನೈದು ನಿಮಿಷ ನೋಡಿ. ಅದು ಸರಿಯಾಗಿ ಏರಿದರೆ ಹೊರಗಿನದೆಲ್ಲ ಚೆನ್ನಾಗಿದೆ, ದೋಷ ನಿಮ್ಮ ಫೋನಿನ ಪೋರ್ಟಿನಲ್ಲಿ ಅಥವಾ ಒಳಗೆ. ಅದೂ ನಿಧಾನವಾದರೆ ದೋಷ ಫೋನಿನಿಂದ ಹೊರಗಿದೆ.

ಇಲ್ಲಿ ಒಂದು ಎಚ್ಚರ ಬೇಕು. ಎರಡೂ ಫೋನುಗಳು ಆ ಚಾರ್ಜರಿನ ವೇಗದ ಪದ್ಧತಿಯನ್ನು ಅರಿತಿರಬೇಕು. ಕೆಲವು ಕಂಪನಿಗಳ ಅತಿವೇಗದ ಚಾರ್ಜಿಂಗ್ ಅವರದೇ ಅಡಾಪ್ಟರ್, ಅವರದೇ ವಯರು ಎರಡೂ ಇದ್ದರೆ ಮಾತ್ರ ನಡೆಯುತ್ತದೆ. ಒಂದು ಕಂಪನಿಯ 65 ವ್ಯಾಟ್ ಚಾರ್ಜರಿಗೆ ಇನ್ನೊಂದು ಕಂಪನಿಯ ಫೋನು ಹಾಕಿದರೆ ಅದು ಹತ್ತು ವ್ಯಾಟ್ ಮಾತ್ರ ಎಳೆಯುವುದುಂಟು. ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಒಂದೇ ಕಂಪನಿಯ ಎರಡು ಫೋನು ಸಿಕ್ಕರೆ ಪರೀಕ್ಷೆ ಸ್ಪಷ್ಟವಾಗಿರುತ್ತದೆ.

ಚಾರ್ಜ್ ಬಿಟ್ಟು ಬಿಟ್ಟು ಆಗುವ ಫೋನಿಗೆ ಕೈಯೇ ಪರೀಕ್ಷಕ. ಫೋನನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು, ಪರದೆಯ ಮೇಲಿನ ಚಾರ್ಜಿಂಗ್ ಗುರುತನ್ನು ನೋಡುತ್ತ ಒಂದೊಂದೇ ಜಾಗವನ್ನು ಮೆಲ್ಲಗೆ ಅಲುಗಿಸಿ. ಮೊದಲು ಸಾಕೆಟ್ಟಿನಲ್ಲಿರುವ ಅಡಾಪ್ಟರ್. ಅದು ಅಲುಗಿದಾಗ ಗುರುತು ಹೋಗಿ ಬಂದರೆ ಸಾಕೆಟ್ಟಿನ ಹಿಡಿತ ಸಡಿಲಾಗಿದೆ. ಆಮೇಲೆ ವಯರಿನ ಎರಡೂ ಕುತ್ತಿಗೆ. ಪ್ಲಗ್ಗನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಕುತ್ತಿಗೆಯನ್ನಷ್ಟೇ ಬಗ್ಗಿಸಿದಾಗ ಗುರುತು ಮಿಟುಕಿದರೆ ವಯರು ಅಲ್ಲಿ ಒಳಗೆ ತುಂಡಾಗಿದೆ. ಕುತ್ತಿಗೆ ಬಗ್ಗಿಸಿದರೆ ಏನೂ ಆಗದೆ, ಪೋರ್ಟಿನೊಳಗೆ ಪ್ಲಗ್ಗನ್ನೇ ಅಲುಗಿಸಿದಾಗ ಮಿಟುಕಿದರೆ ಪೋರ್ಟಿನತ್ತ ನೋಡಬೇಕು.

ಟೈಪ್-ಸಿ ಫೋನಿಗೆ ಇನ್ನೊಂದು ಪರೀಕ್ಷೆಯಿದೆ. ಈ ಪ್ಲಗ್ಗನ್ನು ಹೇಗೆ ಹಾಕಿದರೂ ಒಂದೇ ಎಂದು ನಾವು ಭಾವಿಸಿದ್ದೇವೆ. ಕರೆಂಟಿನ ಪಿನ್ನುಗಳು ಎರಡೂ ಬದಿಗಿರುವುದು ನಿಜ. ಆದರೆ ಪ್ಲಗ್ಗಿನಲ್ಲಿ ಸಂಕೇತದ ಪಿನ್ನುಗಳು ಒಂದೇ ಬದಿಗಿದ್ದು, ತಿರುವಿ ಹಾಕಿದಾಗ ಪೋರ್ಟಿನ ಎದುರು ಬದಿಯ ಪಿನ್ನುಗಳಿಗೆ ತಾಗುತ್ತವೆ. ಹಾಗಾಗಿ ಒಂದು ಬದಿಗೆ ಹಾಕಿದರೆ ವೇಗ, ತಿರುವಿ ಹಾಕಿದರೆ ನಿಧಾನ ಅಥವಾ ಏನೂ ಇಲ್ಲ ಎಂದಾದರೆ ಒಂದು ಸಾಲಿನ ಪಿನ್ನುಗಳು ಸರಿಯಾಗಿ ತಾಗುತ್ತಿಲ್ಲ ಎಂದರ್ಥ. ಬೇರೆ ವಯರಿನಲ್ಲೂ ಹೀಗೇ ಆದರೆ ತೊಂದರೆ ಪೋರ್ಟಿನದು, ಆಗದಿದ್ದರೆ ಹಳೆಯ ವಯರಿನದು.

ಪೋರ್ಟಿನ ತಳದ ನೂಲು

ಪೋರ್ಟು ಸವೆದು ಹೋಗುವುದಕ್ಕಿಂತ ಕೊಳೆ ತುಂಬಿಕೊಳ್ಳುವುದು ಹೆಚ್ಚು. ಟೈಪ್-ಸಿ ಪೋರ್ಟುಗಳನ್ನು ಹತ್ತು ಸಾವಿರ ಸಲ ಚುಚ್ಚಿ ತೆಗೆಯುವುದಕ್ಕೆ ತಾಳುವಂತೆ ರೂಪಿಸಿದ್ದಾರೆ. ದಿನಕ್ಕೆ ಎರಡು ಸಲ ಎಂದರೂ ಹದಿಮೂರು ವರ್ಷ. ಜೊತೆಗೆ, ಹಿಡಿತ ಕೊಡುವ ಸ್ಪ್ರಿಂಗುಗಳು ಪೋರ್ಟಿನಲ್ಲಿಲ್ಲ, ವಯರಿನ ಪ್ಲಗ್ಗಿನೊಳಗಿವೆ. ಸವೆತ ಮೊದಲು ಅಗ್ಗದ ವಯರಿಗೆ ಆಗಲಿ ಎಂಬುದೇ ಈ ವಿನ್ಯಾಸದ ಉದ್ದೇಶ. ‘ಪಿನ್ ಲೂಸ್ ಆಗಿದೆ’ ಎನಿಸಿದಾಗ ಒಂದು ಹೊಸ ವಯರು ಹಾಕಿ ನೋಡಬೇಕಾದದ್ದು ಇದಕ್ಕೇ.

ಹೊಸ ವಯರೂ ಸಡಿಲವಾಗಿ ಕೂತರೆ ಪೋರ್ಟಿನ ಬಾಯಿಗೆ ಟಾರ್ಚ್ ಹಿಡಿದು ನೋಡಿ. ಜೇಬಿನ ನೂಲು, ಚೀಲದ ಧೂಳು ಒಳಗೆ ಬಿದ್ದು, ಪ್ರತಿ ಸಲ ಪ್ಲಗ್ಗು ಒಳಹೋದಾಗಲೂ ಅದನ್ನು ತಳಕ್ಕೆ ಒತ್ತುತ್ತ ಹೋಗುತ್ತದೆ. ತಿಂಗಳುಗಳು ಕಳೆದಂತೆ ಅದು ಬೂದುಬಣ್ಣದ ಗಟ್ಟಿ ಪದರವಾಗುತ್ತದೆ. ಎಷ್ಟೋ ಸಲ ಅದು ಪೋರ್ಟಿನ ತಳವೇ ಎಂಬಂತೆ ಕಾಣುತ್ತದೆ. ಪ್ಲಗ್ಗು ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಹೊರಗೇ ನಿಂತರೂ ಸಾಕು, ಪಿನ್ನುಗಳು ಅಂಚಿನಲ್ಲಷ್ಟೇ ತಾಗುತ್ತವೆ. ಕೊಳೆ ಇದೆಯೆನ್ನಲು ಎರಡು ಗುರುತು: ಪ್ಲಗ್ಗು ಹಾಕಿದಾಗ ‘ಟಕ್’ ಎಂಬ ಹಿಡಿತ ಕೈಗೆ ತಿಳಿಯುವುದಿಲ್ಲ, ಕವರು ತೆಗೆದ ಫೋನಿನ ಅಂಚಿಗೂ ಪ್ಲಗ್ಗಿನ ಭುಜಕ್ಕೂ ನಡುವೆ ಮೊದಲಿಲ್ಲದ ಸಂದು ಕಾಣುತ್ತದೆ.

ಶುಚಿ ಮಾಡುವಾಗ ಅಳತೆ ತಿಳಿದಿರಬೇಕು. ಟೈಪ್-ಸಿ ಪೋರ್ಟಿನ ಬಾಯಿ ಎರಡೂವರೆ ಮಿಲಿಮೀಟರ್ ಎತ್ತರ. ಅದರ ನಡುವೆ ಪಿನ್ನುಗಳನ್ನು ಹೊತ್ತ ಒಂದು ತೆಳುವಾದ ನಾಲಗೆ ಇದೆ. ನಾಲಗೆಯ ಮೇಲೆ, ಕೆಳಗೆ ಉಳಿಯುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. ಅಂಗಡಿಯ ಹಲ್ಲುಕಡ್ಡಿ ಸುಮಾರು ಎರಡು ಮಿಲಿಮೀಟರ್ ದಪ್ಪ, ಹಾಗೇ ತುರುಕಿದರೆ ನಾಲಗೆ ಬಗ್ಗುತ್ತದೆ ಅಥವಾ ಕಡ್ಡಿಯ ತುದಿ ಒಳಗೇ ಮುರಿಯುತ್ತದೆ. ಆದ್ದರಿಂದ ಹಲ್ಲುಕಡ್ಡಿಯನ್ನೋ ಊದುಬತ್ತಿಯ ಮಸಾಲೆಯಿಲ್ಲದ ಬಿದಿರಿನ ತುದಿಯನ್ನೋ ಬ್ಲೇಡಿನಿಂದ ಚಪ್ಪಟೆಯಾಗಿ, ಕಾಗದದ ರಟ್ಟಿನಷ್ಟು ತೆಳ್ಳಗೆ ಹೆರೆದುಕೊಳ್ಳಬೇಕು.

ಫೋನನ್ನು ಪೂರ್ತಿ ಆಫ್ ಮಾಡಿ, ವಯರು ತೆಗೆದಿಡಿ. ಪೋರ್ಟಿನ ಬಾಯಿ ನೆಲದತ್ತ ಬರುವಂತೆ ಫೋನು ಹಿಡಿದು, ಕಡ್ಡಿಯನ್ನು ಒಂದು ಮೂಲೆಯಿಂದ ಹೊರಗೋಡೆಗೆ ಒರಗಿಸಿ ತಳದವರೆಗೆ ಮೆಲ್ಲಗೆ ಇಳಿಸಿ. ತಳ ಮುಟ್ಟಿದ ಮೇಲೆ ಅಡ್ಡಕ್ಕೆ ಸರಿಸಿ, ಹೊರಗೆ ಎಳೆಯಿರಿ. ಒಳಕ್ಕೆ ಚುಚ್ಚಬಾರದು, ನಾಲಗೆಯನ್ನು ಮೀಟಬಾರದು. ನಾಲಗೆಯ ಎರಡೂ ಬದಿಗೆ ಹೀಗೇ ಮಾಡಿ. ಮೊದಲ ಸಲ ಏನೂ ಬಾರದೆ, ನಾಲ್ಕೈದನೆಯ ಎಳೆತಕ್ಕೆ ಹತ್ತಿಯ ಉಂಡೆಯಂತೆ ಒಟ್ಟಿಗೇ ಬರುವುದುಂಟು. ಕೊನೆಗೆ ಮೃದುವಾದ, ಒಣಗಿದ ಹಲ್ಲುಜ್ಜುವ ಬ್ರಷ್ಷಿನಿಂದ ಬಾಯಿಯ ಸುತ್ತ ಗುಡಿಸಿದರೆ ಸಾಕು.

ಸೂಜಿ, ಪಿನ್ನು, ಸಿಮ್ ತೆಗೆಯುವ ಕಡ್ಡಿ ಬೇಡವೇ ಬೇಡ. ಲೋಹ ಪಿನ್ನುಗಳ ಚಿನ್ನದ ಲೇಪವನ್ನು ಗೀರುತ್ತದೆ, ಫೋನು ಆನ್ ಇದ್ದರೆ ಅಕ್ಕಪಕ್ಕದ ಪಿನ್ನುಗಳನ್ನು ಜೋಡಿಸಿಬಿಡುತ್ತದೆ. ಬಾಯಿಂದ ಉಫ್ ಎಂದು ಊದಿದರೆ ಧೂಳಿನ ಜೊತೆಗೆ ಉಸಿರಿನ ತೇವವೂ ಒಳಹೋಗುತ್ತದೆ. ಸ್ಯಾನಿಟೈಸರಿನಲ್ಲಿ ನೀರು, ಗ್ಲಿಸರಿನ್ ಇರುವುದರಿಂದ ಅಂಟು ಉಳಿಯುತ್ತದೆ.

ತಳದಲ್ಲಿ ನೂಲಿಲ್ಲದೆ ಹಸಿರು ಅಥವಾ ಕಪ್ಪು ಕಲೆ ಕಂಡರೆ ಅದು ಕೊಳೆಯಲ್ಲ, ಕಿಲುಬು. ಮಳೆಯಲ್ಲಿ ನೆಂದ ಅಥವಾ ಬೆವರಿನ ಜೇಬಿನಲ್ಲಿದ್ದ ಫೋನನ್ನು ಒಣಗಿಸದೆ ಚಾರ್ಜಿಗೆ ಹಾಕಿದಾಗ ನೀರಿನ ಮೂಲಕ ಪಿನ್ನಿನಿಂದ ಪಿನ್ನಿಗೆ ಕರೆಂಟು ಹರಿದು ಲೋಹವನ್ನೇ ತಿನ್ನುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕಡ್ಡಿಯ ತುದಿಗೆ ಒಂದು ಹನಿಯಷ್ಟು ಮಾತ್ರ ತಾಗಿಸಿ ಒರೆಸಿ, ಅರ್ಧ ಗಂಟೆ ಆಫ್ ಇಟ್ಟು ಆರಿಸಬಹುದು. ಮೇಲುಮೇಲಿನ ಕಿಲುಬು ಇದರಿಂದ ಹೋಗುತ್ತದೆ. ತಿಂದುಹೋದ ಪಿನ್ನು ಮರಳಿ ಬರುವುದಿಲ್ಲ, ಆಗ ಪೋರ್ಟು ಬದಲಿಸಲೇಬೇಕು. ಇನ್ನು ನೆಂದ ಫೋನನ್ನು ಅಕ್ಕಿಯಲ್ಲಿ ಹೂತಿಡುವುದರಿಂದ ಅಕ್ಕಿಯ ಪುಡಿ ಪೋರ್ಟಿಗೆ ಸೇರುತ್ತದೆಯೇ ಹೊರತು ಉಪಯೋಗವಿಲ್ಲ. ಬಾಯಿ ಕೆಳಗೆ ಮಾಡಿ, ಗಾಳಿಯಾಡುವಲ್ಲಿಟ್ಟು ಕಾಯುವುದೇ ಸರಿ.

ವಯರು ತಿನ್ನುವ ವೋಲ್ಟೇಜು

ವಯರು ಹೊರಗಿನಿಂದ ಹೊಸದರಂತಿದ್ದು ಒಳಗೆ ಕೆಟ್ಟಿರಬಲ್ಲದು. ಕುತ್ತಿಗೆಯ ಬಳಿ ದಿನವೂ ಬಗ್ಗಿ, ಕೂದಲೆಳೆಯಂಥ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಉಳಿದ ಕೆಲವೇ ಎಳೆಗಳಲ್ಲಿ ಕರೆಂಟು ಹರಿಯುವಾಗ ವೋಲ್ಟೇಜು ದಾರಿಯಲ್ಲೇ ಕರಗುತ್ತದೆ.

ವಯರು ಹೊಸದಾಗಿದ್ದೂ ತಾಮ್ರ ತೆಳುವಾಗಿದ್ದರೆ ಆಗುವುದೂ ಇದೇ. ಅತಿ ತೆಳುವಾದ, ಒಂದು ಮೀಟರ್ ಉದ್ದದ ವಯರಿನಲ್ಲಿ ಎರಡು ಆಂಪಿಯರ್ ಹೋಗಿ ಬರುವಷ್ಟರಲ್ಲಿ ಸುಮಾರು 0.85 ವೋಲ್ಟ್ ನಷ್ಟವಾಗುತ್ತದೆ. ಅಡಾಪ್ಟರ್ ಕೊಟ್ಟದ್ದು 5, ಫೋನಿಗೆ ಸಿಕ್ಕಿದ್ದು 4.15. ಒಳಬರುವ ವೋಲ್ಟೇಜು ಹೀಗೆ ಕುಸಿಯುವುದನ್ನು ಕಂಡ ಫೋನು, ಅದು ಮತ್ತೆ ಮೇಲೇಳುವವರೆಗೆ ಕರೆಂಟನ್ನು ಇಳಿಸುತ್ತದೆ. ದಪ್ಪ ತಾಮ್ರವಿರುವ ವಯರಿನಲ್ಲಿ ಇದೇ ನಷ್ಟ 0.35 ವೋಲ್ಟಿನ ಆಸುಪಾಸು. ಉದ್ದ ಎರಡು ಪಟ್ಟಾದರೆ ನಷ್ಟವೂ ಎರಡು ಪಟ್ಟು. ಮಂಚದವರೆಗೆ ಬರಲಿ ಎಂದು ಕೊಂಡ ಮೂರು ಮೀಟರಿನ ತೆಳು ವಯರು ನಿಧಾನವಾಗುವುದು ಇದರಿಂದಲೇ. ಚಾರ್ಜ್ ಮಾಡುವಾಗ ವಯರಿನ ಕುತ್ತಿಗೆ ಕೈಗೆ ಬಿಸಿ ಎನಿಸಿದರೆ ಕಳೆದುಹೋದ ಶಕ್ತಿ ಅಲ್ಲೇ ಉರಿಯುತ್ತಿದೆ. ಆ ವಯರನ್ನು ಟೇಪು ಸುತ್ತಿ ಮುಂದುವರಿಸಬಾರದು.

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಕ್ಕನೊಬ್ಬರ ಫೋನಿನಲ್ಲಿ ಈ ಎರಡೂ ದೋಷ ಒಟ್ಟಿಗೇ ಇದ್ದವು. 5000 ಎಂಎಎಚ್ ಬ್ಯಾಟರಿ, 18 ವ್ಯಾಟ್ ಚಾರ್ಜರ್. ‘ರಾತ್ರಿ ಪೂರ್ತಿ ಹಾಕಿದ್ರೂ ತುಂಬಲ್ಲ, ಬ್ಯಾಟರಿ ಬದಲಾಯಿಸ್ಬೇಕಂತೆ’ ಎಂದರು. ಹದಿನೈದು ನಿಮಿಷ ಹಾಕಿ ನೋಡಿದರೆ ಏರಿದ್ದು ಮೂರೇ ಪರ್ಸೆಂಟ್. ಅವರ ಯಜಮಾನರದೂ ಅದೇ ಕಂಪನಿಯ, ಅದೇ ಗಾತ್ರದ ಬ್ಯಾಟರಿಯ ಫೋನು. ಅದೇ ಚಾರ್ಜರಿಗೆ ಅದನ್ನು ಹಾಕಿದಾಗ ಒಂಬತ್ತು ಏರಿತು. ಮೂರಕ್ಕಿಂತ ಒಳ್ಳೆಯದು ನಿಜ, ಆದರೆ 18 ವ್ಯಾಟಿಗೆ ಏರಬೇಕಾದದ್ದು ಹದಿನೆಂಟರ ಹತ್ತಿರ. ಅಂದರೆ ದೋಷ ಫೋನಿನಲ್ಲೂ ಇತ್ತು, ಹೊರಗೂ ಇತ್ತು.

‘ಅಕ್ಕಾ, ಫೋನು ಎಲ್ಲಿಟ್ಕೊಂಡು ಹೊಲೀತೀರಿ?’ ಎಂದು ಕೇಳಿದೆ. ‘ಮೆಷಿನ್ ಮೇಲೇ, ಬಟ್ಟೆ ಪಕ್ಕ’ ಎಂದರು. ಪೋರ್ಟಿನಿಂದ ಬಂದದ್ದು ಬಣ್ಣಬಣ್ಣದ ನೂಲಿನ ಧೂಳಿನ ಗಟ್ಟಿ ಪದರ. ಅದು ಹೋದ ಮೇಲೆ ಪ್ಲಗ್ಗು ‘ಟಕ್’ ಎಂದು ಕೂತಿತು, ಅಳತೆ ಮೂರರಿಂದ ಒಂಬತ್ತಕ್ಕೆ ಬಂತು. ಈಗ ಎರಡೂ ಫೋನುಗಳು ಸಮಸಮ. ಅಡಾಪ್ಟರನ್ನು ಮುಟ್ಟದೆ ವಯರನ್ನು ಮಾತ್ರ ಬದಲಿಸಿದಾಗ ಹದಿನೇಳು ಏರಿತು. ಅಡಾಪ್ಟರಿಗೂ ಬ್ಯಾಟರಿಗೂ ಏನೂ ಆಗಿರಲಿಲ್ಲ. ಅವರು ಕೊಳ್ಳಬೇಕಾಗಿ ಬಂದದ್ದು ಒಂದು ವಯರು. ಮೊದಲೇ ಹೊಸ ವಯರು ತಂದಿದ್ದರೆ, ಪೋರ್ಟಿನಲ್ಲಿ ಕೊಳೆ ಇದ್ದದ್ದರಿಂದ ಅಳತೆ ಮೂರರಲ್ಲೇ ನಿಂತು, ವಯರು ಕಾರಣವಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತಿದ್ದರು. ಎರಡು ದೋಷ ಒಟ್ಟಿಗಿದ್ದಾಗ ಒಂದನ್ನು ಸರಿಪಡಿಸಿದರೆ ಫಲ ಕಾಣದಿರಬಹುದು. ಬರೆದಿಟ್ಟ ಅಳತೆ ನೆರವಾಗುವುದು ಇಂಥಲ್ಲಿ.

ಅಡಾಪ್ಟರಿನ ಸರದಿ

ವಯರು ಬದಲಿಸಿಯೂ ಎರಡು ಫೋನುಗಳೂ ನಿಧಾನವಾದರೆ ಅಡಾಪ್ಟರನ್ನು ಬದಲಿಸಿ ನೋಡಿ. ಅಡಾಪ್ಟರಿನ ಬೆನ್ನ ಮೇಲೆ ಔಟ್‌ಪುಟ್ ಎಂಬಲ್ಲಿ 5 ವೋಲ್ಟ್, 1 ಆಂಪಿಯರ್ ಎಂದು ಮಾತ್ರ ಬರೆದಿದ್ದರೆ ಅದು ಐದು ವ್ಯಾಟಿನದು, ಅದರಿಂದ ವೇಗ ಬಾರದು. 9 ವೋಲ್ಟ್, 2 ಆಂಪಿಯರ್ ಎಂಬ ಇನ್ನೊಂದು ಸಾಲಿದ್ದರೆ ಅದು 18 ವ್ಯಾಟಿನದು. ಕೆಡುತ್ತಿರುವ ಅಡಾಪ್ಟರಿನ ಲಕ್ಷಣ ವಯರಿನದಕ್ಕಿಂತ ಬೇರೆ. ವಯರು ಅಲುಗಿಸದಿದ್ದರೂ ಚಾರ್ಜ್ ಶುರುವಾಗಿ ಕೆಲವು ನಿಮಿಷಕ್ಕೆ ನಿಲ್ಲುತ್ತದೆ, ಅಡಾಪ್ಟರ್ ತಣ್ಣಗಾದ ಮೇಲೆ ಮತ್ತೆ ಶುರುವಾಗುತ್ತದೆ. ಚಾರ್ಜಿನಲ್ಲಿರುವಾಗ ಟಚ್ ಸ್ಕ್ರೀನ್ ತಾನಾಗಿ ಎಲ್ಲೆಲ್ಲೋ ಒತ್ತಿದಂತೆ ವರ್ತಿಸುವುದೂ ಶುದ್ಧವಲ್ಲದ ಕರೆಂಟು ಕೊಡುವ ಅಡಾಪ್ಟರಿನ ಗುರುತು. ಕೆಟ್ಟ ಅಡಾಪ್ಟರನ್ನು ಬಿಚ್ಚಬಾರದು, ಒಳಗೆ 230 ವೋಲ್ಟಿನ ಕಡೆಯಿದೆ.

ಹೊಸದನ್ನು ಕೊಳ್ಳುವಾಗ ಬಿಐಎಸ್ ಗುರುತಿನ ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಭಾರತದಲ್ಲಿ ಮಾರುವ ಫೋನ್ ಅಡಾಪ್ಟರುಗಳಿಗೆ ಈ ನೋಂದಣಿ ಕಡ್ಡಾಯ. ಆ ಸಂಖ್ಯೆ ಯಾರ ಹೆಸರಿನಲ್ಲಿದೆ ಎಂಬುದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಪರಿಶೀಲಿಸಬಹುದು. ಪ್ರಸಿದ್ಧ ಕಂಪನಿಯ ಹೆಸರಿದ್ದು ಸಂಖ್ಯೆ ಬೇರೆಯವರದಾಗಿದ್ದರೆ ಅದನ್ನು ಬಿಟ್ಟುಬಿಡುವುದು ಲೇಸು.

ಬ್ಯಾಟರಿ ಸವೆದರೆ ಕಾಣುವುದೇ ಬೇರೆ

ನಿಧಾನ ಚಾರ್ಜಿಂಗಿಗೆ ಬ್ಯಾಟರಿಯನ್ನೇ ದೂರುವುದು ರೂಢಿ. ಸವೆದ ಬ್ಯಾಟರಿಯ ಮುಖ್ಯ ಲಕ್ಷಣ ಅದಕ್ಕೆ ತಿರುಗುಮುರುಗು. ಹೂಳು ತುಂಬಿದ ಕೆರೆ ಒಂದೆರಡು ಮಳೆಗೇ ಕೋಡಿ ಬಿದ್ದು, ಬೇಸಿಗೆಗೆ ಮೊದಲೇ ಬತ್ತುತ್ತದೆ. ಸವೆದ ಬ್ಯಾಟರಿಯೂ ಹಾಗೆಯೇ. ಹಿಡಿಯುವ ಶಕ್ತಿ ಕುಗ್ಗಿರುವುದರಿಂದ ಪರ್ಸೆಂಟು ಬೇಗ ಬೇಗ ಏರಿ ನೂರಾಗುತ್ತದೆ, ಚಾರ್ಜರ್ ತೆಗೆದ ಮೇಲೆ ಅಷ್ಟೇ ಬೇಗ ಇಳಿಯುತ್ತದೆ. 30 ಪರ್ಸೆಂಟ್ ತೋರಿಸುತ್ತಿದ್ದ ಫೋನು ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗಿ, ಚಾರ್ಜರಿಗೆ ಹಾಕಿದ ಮರುಕ್ಷಣ ಮತ್ತೆ 25 ತೋರಿಸಿದರೆ ಅದು ಬ್ಯಾಟರಿಯೇ. ಬ್ಯಾಟರಿ ಹಳತಾದಂತೆ ಅದರ ಒಳಗಿನ ತಡೆ ಹೆಚ್ಚುತ್ತದೆ. ಕ್ಯಾಮೆರಾದಂಥ ಭಾರ ಬಿದ್ದಾಗ ವೋಲ್ಟೇಜು ಥಟ್ಟನೆ ಕುಸಿಯುವುದು ಆ ತಡೆಯಿಂದ. ಅದೇ ತಡೆಯಿಂದಾಗಿ ಕೊನೆಯ 15–20 ಪರ್ಸೆಂಟ್ ಮಾತ್ರ ಮೊದಲಿಗಿಂತ ಎಳೆದಾಡಬಹುದು. ಆದರೆ 20ರಿಂದ 40ರ ನಡುವಿನ ಅಳತೆ ಮೂರಕ್ಕೆ ಇಳಿಯುವುದಕ್ಕೆ ಸವೆತ ಸಾಮಾನ್ಯವಾಗಿ ಕಾರಣವಲ್ಲ.

ಬ್ಯಾಟರಿಗಳು ಇಷ್ಟು ಪೂರ್ಣ ಚಾರ್ಜುಗಳ ನಂತರ ತಮ್ಮ ಮೂಲ ಸಾಮರ್ಥ್ಯದ 80 ಪರ್ಸೆಂಟ್ ಉಳಿಸಿಕೊಳ್ಳಬೇಕು ಎಂಬ ಲೆಕ್ಕದಲ್ಲಿ ತಯಾರಾಗುತ್ತವೆ. ಆ್ಯಪಲ್ ಕಂಪನಿ ಐಫೋನ್ 14ರವರೆಗಿನ ಮಾದರಿಗಳಿಗೆ 500 ಸಲ, 15 ಮತ್ತು ಅದರ ನಂತರದವಕ್ಕೆ 1000 ಸಲ ಎಂದು ಹೇಳುತ್ತದೆ. ಅರ್ಧರ್ಧ ಎರಡು ದಿನ ತುಂಬಿಸಿದರೆ ಅದು ಒಂದು ಲೆಕ್ಕ. ಐಫೋನಿನಲ್ಲಿ ಬ್ಯಾಟರಿ ಸೆಟ್ಟಿಂಗಿನ Battery Health ಎಂಬಲ್ಲಿ ಉಳಿದ ಸಾಮರ್ಥ್ಯ ಕಾಣುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಮಾಡುವಲ್ಲಿ ಕೆಳಗಿನದನ್ನು ಒತ್ತಿದರೆ ಬ್ಯಾಟರಿಯ ಬಿಸಿ, ವೋಲ್ಟೇಜು ತೋರಿಸುವ ಪುಟ ತೆರೆಯುತ್ತದೆ:

```
*#*#4636#*#*
```

ಸಾಮರ್ಥ್ಯ 80ಕ್ಕಿಂತ ಕೆಳಗಿಳಿದು, ದಿನ ಕಳೆಯುವುದು ಕಷ್ಟವಾಗಿದ್ದರೆ ಬದಲಿಸುವುದು ಸರಿ. ಹಿಂಬದಿಯ ಮುಚ್ಚಳ ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ, ಮೇಜಿನ ಮೇಲಿಟ್ಟ ಫೋನು ಗಿರಗಿರ ತಿರುಗಿದರೆ ಅಳತೆ, ಪರೀಕ್ಷೆ ಯಾವುದೂ ಬೇಡ. ಚಾರ್ಜ್ ಮಾಡುವುದನ್ನು ಆ ಕ್ಷಣವೇ ನಿಲ್ಲಿಸಿ, ಒತ್ತದೆ, ಚುಚ್ಚದೆ ಸರ್ವಿಸ್ ಸೆಂಟರಿಗೆ ಒಯ್ಯಬೇಕು.

ಅಂಗಡಿಗೆ ಹೋಗುವ ಹೊತ್ತು

ಪೋರ್ಟು ಶುಚಿಯಾಗಿದೆ, ಪ್ಲಗ್ಗು ಪೂರ್ತಿ ಕೂರುತ್ತಿದೆ, ಚೆನ್ನಾಗಿರುವ ಎರಡು ವಯರು ಮತ್ತು ಎರಡು ಅಡಾಪ್ಟರಿನಲ್ಲಿ ನೋಡಿದ್ದಾಯಿತು, ಆದರೂ ಈ ಫೋನು ಮಾತ್ರ ಏರುತ್ತಿಲ್ಲ. ಆಗ ದೋಷ ಪೋರ್ಟಿನ ಬೆಸುಗೆಯಲ್ಲಿ ಅಥವಾ ಒಳಗಿನ ಬೋರ್ಡಿನಲ್ಲಿದೆ. ಅನೇಕ ಫೋನುಗಳಲ್ಲಿ ಪೋರ್ಟು ಮುಖ್ಯ ಬೋರ್ಡಿನ ಮೇಲಿರದೆ, ಕೆಳಗಿನ ಒಂದು ಚಿಕ್ಕ ಚಾರ್ಜಿಂಗ್ ಬೋರ್ಡಿನ ಮೇಲಿರುತ್ತದೆ. ಅದನ್ನು ಬಿಡಿಯಾಗಿ ಬದಲಿಸಬಹುದು, ಮುಖ್ಯ ಬೋರ್ಡು ಮುಟ್ಟಬೇಕಾಗಿಲ್ಲ. ಒಮ್ಮೆ ಬಿಚ್ಚಿದ ಫೋನಿನ ನೀರು ತಡೆಯುವ ಅಂಟು ಮೊದಲಿನಂತಿರುವುದಿಲ್ಲ ಎಂಬುದು ನೆನಪಿರಲಿ. ಹೊಸ ಅಂಟು ಹಾಕುತ್ತಾರೆಯೇ ಎಂದು ಕೇಳಿಕೊಳ್ಳಿ.

ರಿಪೇರಿಯವರ ಮುಂದೆ ಫೋನಿಟ್ಟು ‘ಚಾರ್ಜ್ ಆಗ್ತಿಲ್ಲ’ ಎಂದಷ್ಟೇ ಹೇಳಿದರೆ ಅವರು ಊಹಿಸಬೇಕಾಗುತ್ತದೆ. ‘ಬೇರೆ ಫೋನು ಇದೇ ಚಾರ್ಜರಲ್ಲಿ ಕಾಲು ಗಂಟೆಗೆ ಹದಿನೇಳು ಏರುತ್ತೆ, ಇದು ಮೂರು ಏರುತ್ತೆ. ಪೋರ್ಟು ಕ್ಲೀನ್ ಮಾಡಿದ್ದೀನಿ, ಎರಡು ವಯರು ನೋಡಿದ್ದೀನಿ, ಪ್ಲಗ್ಗು ತಿರುವಿ ಹಾಕಿದರೆ ಏರುತ್ತೆ’ ಎಂದರೆ ಒಳ್ಳೆಯ ಕೆಲಸಗಾರರಿಗೆ ಎಲ್ಲಿ ನೋಡಬೇಕೆಂದು ಕೂಡಲೇ ತಿಳಿಯುತ್ತದೆ. ಇಷ್ಟು ಕೇಳಿದ ಮೇಲೂ ಬ್ಯಾಟರಿಯನ್ನೇ ಬದಲಿಸಬೇಕು ಎಂದವರಲ್ಲಿ ಕಾರಣ ಕೇಳಿ. ಆ ಕಾರಣ ನಿಮ್ಮ ಅಳತೆಗೆ ಹೊಂದದಿದ್ದರೆ ಫೋನನ್ನು ಇನ್ನೊಂದು ಅಂಗಡಿಗೆ ಒಯ್ಯಿರಿ.